ಜೂನ್ ಐದೋ, ಮೇ ಆರೋ?

05/06/2024 ಎಂದು ಬರೆದಿರುವ ತಾರೀಖನ್ನು ಮೈಸೂರಿನ ವಿದ್ಯಾರ್ಥಿಯೊಬ್ಬನು ಓದಿದರೆ ಅದು ಜೂನ್ ತಿಂಗಳ 5ನೆಯ ದಿನ. ಅದನ್ನೇ ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಬೆಳೆದವನು ಓದಿದರೆ ಮೇ ತಿಂಗಳ 6ನೆಯ ದಿನ. ನಮ್ಮಲ್ಲಿ ದಿನವನ್ನು ಮೊದಲು ಹೇಳಿ ತಿಂಗಳನ್ನು ಆಮೇಲೆ ಹೇಳುವುದು ವಾಡಿಕೆ. ಅವರಲ್ಲಿ ತಿಂಗಳು ಮುಂದು, ದಿನ ಹಿಂದು. ಎರಡೂ ಬಳಕೆಗಳು ತಮ್ಮ ತಮ್ಮ ನಾಡಿನಲ್ಲಿ ನಿರ್ದುಷ್ಟವಾದವುಗಳೇ. ಎರಡು ಬಗೆಯ ಬರವಣಿಗೆಗಳು ಒಂದೇ ಪಟ್ಟಿಯಲ್ಲಿ ಬೆರೆತಾಗ ಮಾತ್ರ ಕಷ್ಟ ಮೊದಲಾಗುತ್ತದೆ. ಅಂಥ ಪಟ್ಟಿಯೊಂದು ಯಾವ ವಿವರಣೆಯೂ ಇಲ್ಲದೆ ನಮ್ಮ ಕೈಗೆ ಬಂದಿತೆನ್ನೋಣ. ತಾರೀಖುಗಳನ್ನೆಲ್ಲ ಒಂದೇ ರೂಪಕ್ಕೆ ತರಬೇಕಾಗಿದೆ. ದಿನ ಯಾವುದು, ತಿಂಗಳು ಯಾವುದು ಎಂಬುದನ್ನು ನಾವಾಗಲಿ ಯಂತ್ರವಾಗಲಿ ಸದ್ದಿಲ್ಲದೆ ಊಹಿಸಿಬಿಡದಂತೆ ಈ ಕೆಲಸವನ್ನು ನಡೆಸುವುದು ಹೇಗೆ?

ಮೊದಲು ಸಂದಿಗ್ಧತೆಯ ಪ್ರಮಾಣವನ್ನು ಲೆಕ್ಕಹಾಕೋಣ. ದಿನದ ಸಂಖ್ಯೆ 12ನ್ನು ಮೀರಿದರೆ ತೊಡಕೇ ಇಲ್ಲ, ಏಕೆಂದರೆ 13ನೆಯ ತಿಂಗಳೆಂಬುದಿಲ್ಲ. ಆದುದರಿಂದ ಪ್ರತಿ ತಿಂಗಳಿನ ಮೊದಲ 12 ದಿನಗಳು ಮಾತ್ರ ಸಂಶಯಕ್ಕೆ ಒಳಗಾಗುತ್ತವೆ. ಇಂಥ ದಿನಗಳು ವರ್ಷಕ್ಕೆ 12 × 12 = 144. ಇವುಗಳಲ್ಲಿ 01/01, 02/02 ಮೊದಲಾದ 12 ದಿನಗಳನ್ನು ಹೇಗೆ ಓದಿದರೂ ಅರ್ಥ ಒಂದೇ. ಉಳಿಯುವುವು 132. ವರ್ಷದ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನ ದಿನಗಳು ಎರಡು ಅರ್ಥಕ್ಕೆ ಎಡೆಕೊಡುತ್ತವೆಂದಾಯಿತು.

ಇನ್ನು ಎಕ್ಸೆಲ್ ಮೊದಲಾದ ಸ್ಪ್ರೆಡ್‌ಶೀಟುಗಳು ತಾರೀಖನ್ನು ಹೇಗೆ ಇಟ್ಟುಕೊಳ್ಳುತ್ತವೆ ಎಂಬುದನ್ನು ತಿಳಿಯಬೇಕು. ಕೋಶದಲ್ಲಿ ನಮಗೆ ಕಾಣುವ ತಾರೀಖು ಒಂದು ವೇಷ ಮಾತ್ರ. ಒಳಗೆ ಇರುವುದು ಒಂದು ಸಂಖ್ಯೆ. 1900ನೆಯ ಇಸವಿಯ ಜನವರಿ 1ನ್ನು 1 ಎಂದು ಎಣಿಸಿ, ಅಲ್ಲಿಂದ ಮುಂದಕ್ಕೆ ದಿನಕ್ಕೊಂದರಂತೆ ಕೂಡಿಸುತ್ತ ಬಂದ ಸಂಖ್ಯೆ ಅದು. ಇದನ್ನು ದಿನಸಂಖ್ಯೆಯೆಂದು ಕರೆಯೋಣ. 2024ರ ಜನವರಿ 1ರ ದಿನಸಂಖ್ಯೆ 45292. (ಈ ಎಣಿಕೆಯಲ್ಲಿ ಒಂದು ವಿನೋದವುಂಟು. 1900 ಅಧಿಕವರ್ಷವಲ್ಲ, ಆದರೂ ಎಕ್ಸೆಲ್ಲಿನ ಲೆಕ್ಕದಲ್ಲಿ ಆ ವರ್ಷಕ್ಕೆ ಫೆಬ್ರವರಿ 29 ಉಂಟು! ಲೋಟಸ್ 1-2-3 ಎಂಬ ಹಳೆಯ ಸ್ಪ್ರೆಡ್‌ಶೀಟಿನಲ್ಲಿದ್ದ ತಪ್ಪನ್ನು, ಅದರ ಕಡತಗಳೊಡನೆ ಹೊಂದಿಕೊಳ್ಳಲೆಂದು, ತಿಳಿದೇ ಉಳಿಸಿಕೊಂಡರು.)

ಕೋಶದಲ್ಲಿ ನಾವು 05/06/2024 ಎಂದು ಬೆರಳಚ್ಚಿಸಿದೊಡನೆ ಯಂತ್ರವು ತನ್ನಲ್ಲಿ ಸ್ಥಾಪಿಸಿರುವ ಪ್ರಾದೇಶಿಕ ಪದ್ಧತಿಯನ್ನು ನೋಡುತ್ತದೆ. ಅದು ಭಾರತದ ಪದ್ಧತಿಯಾಗಿದ್ದರೆ ಜೂನ್ 5ರ ದಿನಸಂಖ್ಯೆಯನ್ನೂ ಅಮೆರಿಕದ ಪದ್ಧತಿಯಾಗಿದ್ದರೆ ಮೇ 6ರ ದಿನಸಂಖ್ಯೆಯನ್ನೂ ಬರೆದುಕೊಳ್ಳುತ್ತದೆ. ನಾವು ಬೆರಳಚ್ಚಿಸಿದ ಅಕ್ಷರಗಳು ಅಲ್ಲಿಗೆ ಅಳಿಸಿಹೋದುವು. ಅಮೆರಿಕದ ಪದ್ಧತಿಯ ಯಂತ್ರಕ್ಕೆ 13/06/2024 ಎಂದು ಕೊಟ್ಟರೆ ಏನಾಗುತ್ತದೆ? ಹದಿಮೂರನೆಯ ತಿಂಗಳಿಲ್ಲವಾದುದರಿಂದ ಅದು ಇದನ್ನು ತಾರೀಖೆಂದೇ ಒಪ್ಪುವುದಿಲ್ಲ. ಬರಿಯ ಅಕ್ಷರಮಾಲೆಯೆಂದು ಹಾಗೆಯೇ ಬಿಡುತ್ತದೆ. ಯಾವ ಎಚ್ಚರಿಕೆಯೂ ತೋರುವುದಿಲ್ಲ. ಪರಿಣಾಮವಾಗಿ ಒಂದೇ ಅಂಕಣದಲ್ಲಿ ಎರಡು ಜಾತಿಯ ಕೋಶಗಳು ಸೇರಿಕೊಳ್ಳುತ್ತವೆ. ತಿಂಗಳ 12ರವರೆಗಿನ ದಿನಗಳು ದಿನ ತಿಂಗಳುಗಳನ್ನು ಅದಲುಬದಲು ಮಾಡಿಕೊಂಡು ಸಂಖ್ಯೆಗಳಾಗಿವೆ. 13ರಿಂದ ಮುಂದಿನವು ಸರಿಯಾಗಿಯೇ ಇದ್ದರೂ ತಾರೀಖುಗಳಾಗಿಲ್ಲ. ನೋಡುವ ಕಣ್ಣಿಗೆ ಎರಡನೆಯ ಗುಂಪೇ ಕೆಟ್ಟದ್ದಾಗಿ ತೋರುತ್ತದೆ. ನಿಜವಾಗಿ ಕೆಟ್ಟಿರುವುದು ಮೊದಲನೆಯದು.

ಈ ಕೇಡನ್ನು ಕಂಡುಹಿಡಿಯಲು ಒಂದು ಸುಲಭವಾದ ಪರೀಕ್ಷೆಯುಂಟು. ಹೊಂದಿಕೆಯನ್ನು ಯಾರೂ ಬದಲಿಸಿಲ್ಲವಾದರೆ ಕೋಶದಲ್ಲಿ ಸಂಖ್ಯೆಗಳು ಬಲಕ್ಕೂ ಅಕ್ಷರಗಳು ಎಡಕ್ಕೂ ಒತ್ತಿಕೊಂಡಿರುತ್ತವೆ. ಹೊಂದಿಕೆಯನ್ನು ನಂಬಲಾಗದಿದ್ದರೆ ಪಕ್ಕದ ಅಂಕಣದಲ್ಲಿ `=ISNUMBER(A2)` ಎಂಬ ಸೂತ್ರವನ್ನಿಟ್ಟು ಎರಡು ಜಾತಿಗಳನ್ನು ಬೇರ್ಪಡಿಸಬಹುದು. ಬಳಿಕ ಸಂಖ್ಯೆಗಳಾಗಿರುವ ತಾರೀಖುಗಳಲ್ಲಿ ದಿನದ ಭಾಗವನ್ನು ಮಾತ್ರ ತೆಗೆದು ನೋಡಬೇಕು. ಅವುಗಳಲ್ಲಿ ಒಂದೂ 12ನ್ನು ದಾಟದೆ, ಅಕ್ಷರಗಳಾಗಿ ಉಳಿದವೆಲ್ಲ 13ರಿಂದ 31ರವರೆಗೆ ಇದ್ದರೆ ಅದಲುಬದಲು ನಡೆದಿದೆಯೆಂದೇ ತಿಳಿಯಬಹುದು. ಜೂನ್ ತಿಂಗಳೊಂದರ ದಾಖಲೆಯಾದರೆ ಚಿತ್ರ ಇನ್ನೂ ಸ್ಪಷ್ಟ. ಜೂನ್ 1ರಿಂದ 12ರವರೆಗಿನ ದಿನಗಳು ಜನವರಿ 6, ಫೆಬ್ರವರಿ 6, ಮಾರ್ಚಿ 6 ಎಂದು ಹನ್ನೆರಡು ತಿಂಗಳಿಗೂ ಚದರಿಹೋಗಿರುತ್ತವೆ, ಮತ್ತು ಪ್ರತಿಯೊಂದೂ ಆರನೆಯ ತಾರೀಖೇ ಆಗಿರುತ್ತದೆ.

ಕೋಶಗಳ ವೇಷವನ್ನು ಬದಲಾಯಿಸಿ ಎಲ್ಲವನ್ನೂ ವರ್ಷ-ತಿಂಗಳು-ದಿನದ ರೂಪದಲ್ಲಿ ತೋರಿಸುವಂತೆ ಮಾಡಿದರೆ ಸಾಲದೆ, ಎಂದು ಕೆಲವರು ಕೇಳಬಹುದು. ಸಾಲದು. ಅದರಿಂದ ಅಕ್ಷರಗಳು ತಾರೀಖಾಗುವುದಿಲ್ಲ. ತಪ್ಪಾದ ಸಂಖ್ಯೆಗಳು ಇನ್ನಷ್ಟು ಅಚ್ಚುಕಟ್ಟಾಗಿ ಕಾಣುತ್ತವೆ, ಅಷ್ಟೆ.

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ಕಡೆಯವರೆಗೂ ಬಿಡಿಸೋಣ. ಕಾಲೇಜೊಂದರ ಅಂಗಳದ ಮಳೆಮಾಪಕವನ್ನು ಕ, ಖ, ಗ ಎಂಬ ಮೂವರು ವಿದ್ಯಾರ್ಥಿಗಳು ಸರದಿಯಂತೆ ಓದಿ, ತಮ್ಮ ತಮ್ಮ ಯಂತ್ರಗಳಲ್ಲಿ ದಾಖಲಿಸಿದ್ದಾರೆ. ಯಾರೋ ಅವನ್ನೆಲ್ಲ ಒಂದರ ಕೆಳಗೊಂದು ಅಂಟಿಸಿ CSV ಎಂಬ ಸಾದಾ ಪಠ್ಯದ ಕಡತವಾಗಿ ಕಳುಹಿಸಿದ್ದಾರೆ. ಜೊತೆಗೆ ಪತ್ರವಿಲ್ಲ, ಟಿಪ್ಪಣಿಯಿಲ್ಲ. ಅದರ ಒಂಬತ್ತು ಸಾಲುಗಳು ಹೀಗಿವೆ:

| ಸಾಲು | ತಾರೀಖು, ಬಂದಂತೆ | ದಾಖಲಿಸಿದವರು | ಮಳೆ, ಮಿ.ಮೀ. |
|---|---|---|---|
| 1 | 05/06/2024 | ಕ | 12.4 |
| 2 | 13/06/2024 | ಕ | 8.2 |
| 3 | 07/07/2024 | ಕ | 2.8 |
| 4 | 06/07/2024 | ಖ | 31.0 |
| 5 | 06/21/2024 | ಖ | 4.6 |
| 6 | 07/05/2024 | ಖ | 14.2 |
| 7 | 2024-06-25 | ಗ | 17.5 |
| 8 | 45481 | ಗ | 9.0 |
| 9 | 08/06/2024 | (ಬರೆದಿಲ್ಲ) | 22.0 |

ಜೂನ್ ತಿಂಗಳಲ್ಲಿ ಎಷ್ಟು ಮಳೆ ಬಿತ್ತು ಎಂಬುದೇ ಪ್ರಶ್ನೆ. ಈ ಕಡತವನ್ನು ಭಾರತದ ಪದ್ಧತಿಯ ಯಂತ್ರದಲ್ಲಿ ನೇರವಾಗಿ ತೆರೆದು ತಿಂಗಳುವಾರು ಕೂಡಿಸಿದೆವೆನ್ನಿ. 4ನೆಯ ಸಾಲು ಜುಲೈಗೆ ಹೋಗುತ್ತದೆ. 6ನೆಯದು ಮೇ ತಿಂಗಳಿಗೆ. 5ನೆಯ ಸಾಲು ಅಕ್ಷರವಾಗಿ ಉಳಿದು ಯಾವ ತಿಂಗಳಿಗೂ ಸೇರುವುದಿಲ್ಲ. ಜೂನ್ ತಿಂಗಳಿಗೆ ಬರುವ ಮೊತ್ತ 60.1 ಮಿಲಿಮೀಟರು. ಅಮೆರಿಕದ ಪದ್ಧತಿಯ ಯಂತ್ರದಲ್ಲಿ ತೆರೆದರೆ ಬೇರೆ ಸಾಲುಗಳು ಚದರಿ 53.1 ಬರುತ್ತದೆ. ಎರಡೂ ಉತ್ತರಗಳು ತಪ್ಪು, ಮತ್ತು ಎರಡರಲ್ಲಿ ಯಾವ ಯಂತ್ರವೂ ದೂರು ಹೇಳುವುದಿಲ್ಲ. ನಿಜವಾದ ಉತ್ತರ ಈ ಎರಡರ ನಡುವೆಯೂ ಇಲ್ಲವೆಂಬುದನ್ನು ಮುಂದೆ ಕಾಣುವೆವು.

ಆದ ಕಾರಣ ಮೊದಲ ಹೆಜ್ಜೆಯೆಂದರೆ, ಕಡತವನ್ನು ಎರಡು ಸಲ ಕ್ಲಿಕ್ಕಿಸಿ ತೆರೆಯದೆ, ಆಮದು ಮಾಡಿಕೊಳ್ಳುವ ವಿಧಾನದಿಂದ ಒಳತಂದು, ತಾರೀಖಿನ ಅಂಕಣ ಬರಿಯ ಪಠ್ಯವೆಂದು ಯಂತ್ರಕ್ಕೆ ಮುಂಚಿತವಾಗಿಯೇ ಹೇಳುವುದು. ಆಗ ಬಂದ ಅಕ್ಷರಗಳು ಬಂದಂತೆಯೇ ಉಳಿಯುತ್ತವೆ. ಈ ಮೂಲ ಅಂಕಣವನ್ನು ಕೊನೆಯವರೆಗೂ ಮುಟ್ಟಕೂಡದು. ನಮ್ಮ ನಿರ್ಣಯಗಳಿಗೆ ಪಕ್ಕದಲ್ಲಿ ಎರಡು ಹೊಸ ಅಂಕಣಗಳು ಬೇಕು: ಒಂದು ನಿರ್ಣಯಿಸಿದ ತಾರೀಖಿಗೆ, ಇನ್ನೊಂದು ಆ ನಿರ್ಣಯದ ಆಧಾರಕ್ಕೆ.

ಎರಡನೆಯ ಹೆಜ್ಜೆಯಲ್ಲಿ, ಓರೆಗೆರೆಯಿರುವ ಪ್ರತಿಯೊಂದು ತಾರೀಖಿಗೂ ಸಾಧ್ಯವಾದ ಅರ್ಥಗಳನ್ನೆಲ್ಲ ಪಟ್ಟಿಮಾಡುತ್ತೇವೆ. ಇದರ ಅರ್ಥ ಯಾವುದು ಎಂದು ಕೇಳುವ ಬದಲು, ಇದಕ್ಕೆ ಎಷ್ಟು ಅರ್ಥಗಳುಂಟು ಎಂದು ಕೇಳುವುದೇ ಇಲ್ಲಿನ ಉಪಾಯ. ಪೈಥಾನ್ ಬಲ್ಲವರಿಗೆ ಇದು ಕೆಲವೇ ಸಾಲುಗಳ ಕೆಲಸ:

```python
from datetime import datetime

def candidates(s):
    out = set()
    for f in ("%d/%m/%Y", "%m/%d/%Y"):
        try:
            out.add(datetime.strptime(s, f).date())
        except ValueError:
            pass
    return out
```

ಒಂದೊಂದು ತಾರೀಖನ್ನೂ ದಿನ ಮೊದಲೆಂದು ಒಮ್ಮೆ, ತಿಂಗಳು ಮೊದಲೆಂದು ಒಮ್ಮೆ ಓದಿ, ಸಂಭವನೀಯವಾದ ಓದುಗಳನ್ನು ಮಾತ್ರ ಇದು ಗುಂಪುಹಾಕುತ್ತದೆ. ಗುಂಪಿನಲ್ಲಿ ಒಂದೇ ತಾರೀಖಿದ್ದರೆ ಅದು ನಿಸ್ಸಂದಿಗ್ಧ. ಎರಡಿದ್ದರೆ ಸಂದಿಗ್ಧ. ಒಂದೂ ಇಲ್ಲದಿದ್ದರೆ ಬರವಣಿಗೆಯೇ ತಪ್ಪು. 31/06/2024 ಎಂಬುದಕ್ಕೆ ಹೀಗಾಗುತ್ತದೆ, ಏಕೆಂದರೆ ಜೂನ್ ತಿಂಗಳಿಗೆ 31 ಇಲ್ಲ, 31ನೆಯ ತಿಂಗಳೂ ಇಲ್ಲ. 07/07/2024ಕ್ಕೆ ಎರಡು ಓದುಗಳಿಂದಲೂ ಒಂದೇ ತಾರೀಖು ಬರುವುದರಿಂದ ಗುಂಪಿನಲ್ಲಿ ಅದು ಒಂದಾಗಿಯೇ ನಿಲ್ಲುತ್ತದೆ. ನಮ್ಮ ಪಟ್ಟಿಯಲ್ಲಿ 2, 3, 5ನೆಯ ಸಾಲುಗಳು ಹೀಗೆ ತಾವಾಗಿಯೇ ತೀರ್ಮಾನವಾದುವು. 7ನೆಯ ಸಾಲಿನ ರೂಪ ಬೇರೆ: ವರ್ಷ ಮೊದಲು, ಬಳಿಕ ತಿಂಗಳು, ಬಳಿಕ ದಿನ. ಇದು 1988ರಲ್ಲಿ ಮೊದಲು ಪ್ರಕಟವಾದ ಐ.ಎಸ್.ಓ. 8601 ಎಂಬ ಅಂತರರಾಷ್ಟ್ರೀಯ ಮಾನದ ರೂಪ. ನಾವು ಕೊನೆಗೆ ಎಲ್ಲ ತಾರೀಖುಗಳನ್ನೂ ತರಬೇಕಾದ ರೂಪವೂ ಇದೇ. ಉಳಿದುವು 1, 4, 6, 9 ಮತ್ತು ವಿಚಿತ್ರವಾದ 8.

ಈಗ ಸಾಕ್ಷ್ಯವನ್ನು ಹುಡುಕಬೇಕು. 'ಖ' ಬರೆದ ಸಾಲುಗಳನ್ನು ನೋಡಿರಿ. 5ನೆಯ ಸಾಲು ಆತನು ತಿಂಗಳನ್ನು ಮೊದಲು ಬರೆಯುವವನೆಂದು ಸಾರುತ್ತದೆ. ಅದೇ ರೀತಿ ಓದಿದರೆ ಆತನ ಮೂರು ಸಾಲುಗಳು ಜೂನ್ 7, ಜೂನ್ 21, ಜುಲೈ 5 ಎಂದು ಏರುಕ್ರಮದಲ್ಲಿ ಬರುತ್ತವೆ. ದಿನ ಮೊದಲೆಂದು ಓದಿದರೆ ಜುಲೈ 6, ಜೂನ್ 21, ಮೇ 7 ಎಂದು ಕಾಲ ಹಿಂದಕ್ಕೆ ಓಡುತ್ತದೆ. ವಾಡಿಕೆ, ಕ್ರಮ ಎರಡೂ ಒಂದೇ ಕಡೆಗೆ ಬೆರಳು ತೋರುವುದರಿಂದ 4 ಮತ್ತು 6ನೆಯ ಸಾಲುಗಳನ್ನು ಧೈರ್ಯವಾಗಿ ನಿರ್ಣಯಿಸಬಹುದು.

'ಕ' ಬರೆದವುಗಳ ವಿಷಯದಲ್ಲಿ ಇಷ್ಟು ಬಲವಿಲ್ಲ. 2ನೆಯ ಸಾಲಿನಿಂದ ಅವನು ದಿನವನ್ನು ಮೊದಲು ಬರೆಯುವವನೆಂದು ತಿಳಿಯುತ್ತದೆ. ಆದುದರಿಂದ 1ನೆಯ ಸಾಲು ಜೂನ್ 5 ಇರಬೇಕು. ಆದರೆ ಕ್ರಮ ಇಲ್ಲಿ ಏನನ್ನೂ ಹೇಳುವುದಿಲ್ಲ: ಜೂನ್ 5 ಆದರೂ ಮೇ 6 ಆದರೂ ಜೂನ್ 13ಕ್ಕಿಂತ ಹಿಂದಿನದೇ. ಇಲ್ಲಿ ಸಾಕ್ಷಿ ಒಂದೇ. ಆಧಾರದ ಅಂಕಣದಲ್ಲಿ ಇದನ್ನು ಮುಚ್ಚಿಡದೆ 'ಬರೆದವನ ವಾಡಿಕೆ, ಒಂದು ಸಾಲಿನಿಂದ' ಎಂದು ಬರೆಯತಕ್ಕದ್ದು. ಪೂರ್ಣ ಕಡತದಲ್ಲಿ 'ಕ' ಬರೆದ ನೂರು ಸಾಲುಗಳಿದ್ದು, ಅವುಗಳಲ್ಲಿ ಅರುವತ್ತು ನಿಸ್ಸಂದಿಗ್ಧವಾಗಿ ದಿನ ಮೊದಲಾಗಿಯೇ ಇದ್ದು, ವಿರುದ್ಧವಾದುದು ಒಂದೂ ಇಲ್ಲದಿದ್ದರೆ ಮಾತು ಬೇರೆ. ಒಂದೇ ಒಂದು ವಿರುದ್ಧ ಸಾಕ್ಷಿ ಸಿಕ್ಕಿತೆಂದರೆ, ಅವನು ಎರಡು ಯಂತ್ರಗಳನ್ನು ಬಳಸಿರಬಹುದೆಂದು ಶಂಕಿಸಿ, ಆ ವಾಡಿಕೆಯ ಆಧಾರವನ್ನೇ ಕೈಬಿಡಬೇಕಾಗುತ್ತದೆ.

ವಾರದ ಹೆಸರು ದಾಖಲಾಗಿದ್ದರೆ ಅದೂ ಒಳ್ಳೆಯ ಸಾಕ್ಷಿ. 2024ರ ಜೂನ್ 7 ಶುಕ್ರವಾರ, ಜುಲೈ 6 ಶನಿವಾರ. ಆದರೆ ಈ ಸಾಕ್ಷಿಯೂ ಎಲ್ಲ ಕಾಲಕ್ಕೂ ಒದಗುವುದಿಲ್ಲ. ಮೇ 9ರಿಂದ ಸೆಪ್ಟೆಂಬರ್ 5ಕ್ಕೆ ಸರಿಯಾಗಿ 119 ದಿನಗಳು, ಅಂದರೆ 17 ವಾರಗಳು. ಆದುದರಿಂದ 05/09 ಎಂಬುದನ್ನು ಹೇಗೆ ಓದಿದರೂ ವಾರ ಒಂದೇ, ಯಾವ ವರ್ಷವಾದರೂ ಸರಿ. 07/11ರ ಕಥೆಯೂ ಇದೇ.

ಮಳೆಯ ಪ್ರಮಾಣವನ್ನೇ ಸಾಕ್ಷಿಯಾಗಿ ಬಳಸುವ ಆಸೆ ಕೆಲವರಿಗೆ ಹುಟ್ಟಬಹುದು. '31 ಮಿಲಿಮೀಟರು ಮಳೆ ಜುಲೈನಲ್ಲಿಯೇ ಬಿದ್ದಿರಬೇಕು' ಎಂದು ವಾದಿಸುವುದು ಈ ಜಾತಿಯದು. ಇದು ಬಹಳ ಅಪಾಯಕರವಾದ ಮಾರ್ಗವೆಂದು ನನ್ನ ಅಭಿಪ್ರಾಯ. ಯಾವ ತಿಂಗಳಲ್ಲಿ ಎಷ್ಟು ಮಳೆಯಾಯಿತೆಂದು ಕಂಡುಹಿಡಿಯಲು ನಾವು ಹೊರಟಿದ್ದೇವೆ. ಮಳೆಯನ್ನು ನೋಡಿ ತಿಂಗಳನ್ನು ನಿರ್ಧರಿಸಿದರೆ, ನಾವು ನಿರೀಕ್ಷಿಸಿದ ಉತ್ತರವನ್ನೇ ದಾಖಲೆಯೊಳಗೆ ತುಂಬಿ, ಮತ್ತೆ ಅದನ್ನೇ ಹೊರತೆಗೆದಂತಾಗುತ್ತದೆ.

8ನೆಯ ಸಾಲಿನ 45481 ಎಂಬುದು ವೇಷ ಕಳಚಿದ ದಿನಸಂಖ್ಯೆ. ಜನವರಿ 1ರ 45292ನ್ನು ಕಳೆದರೆ 189. ಜನವರಿ 1ರಿಂದ 189 ದಿನ ಮುಂದಕ್ಕೆ ಎಣಿಸಿದರೆ ಅಧಿಕವರ್ಷವಾದ 2024ರಲ್ಲಿ ಜುಲೈ 8 ಸಿಗುತ್ತದೆ. ಸಂಖ್ಯೆಯಲ್ಲಿ ಸಂದಿಗ್ಧತೆ ಇಲ್ಲ. ಆದರೂ ಸಂಶಯ ಪೂರ್ತಿ ನೀಗಲಿಲ್ಲ. ಇದು ಈಗಾಗಲೇ ಯಾವುದೋ ಯಂತ್ರ ಅರ್ಥೈಸಿದ ತಾರೀಖು. ಆಗಸ್ಟ್ 7 ಎಂಬ ಅರ್ಥದಲ್ಲಿ 7/8/2024 ಎಂದು ಅಮೆರಿಕದ ಪದ್ಧತಿಯ ಯಂತ್ರದಲ್ಲಿ ಬೆರಳಚ್ಚಿಸಿದ್ದರೂ ಒಳಗೆ ಕೂರುವ ಸಂಖ್ಯೆ ಇದೇ. ದಿನ 12ನ್ನು ಮೀರಿದ್ದರೆ ಈ ಭಯವಿರಲಿಲ್ಲ. 'ಗ'ನ ಇನ್ನೊಂದು ಸಾಲು ವರ್ಷ ಮೊದಲಾದ ರೂಪದಲ್ಲಿದೆ. ಆ ರೂಪದಲ್ಲಿ ಬೆರಳಚ್ಚಿಸಿದ್ದನ್ನು ಯಂತ್ರ ಅದಲುಬದಲು ಮಾಡುವುದಿಲ್ಲ. ಇಷ್ಟರ ಮೇಲೆ ಜುಲೈ 8 ಎಂದು ಬರೆದು, ಆಧಾರವನ್ನು 'ದಿನಸಂಖ್ಯೆ. ಬರೆದವನ ವಾಡಿಕೆಯನ್ನು ನಂಬಿ' ಎಂದು ನಮೂದಿಸಬಹುದು. (ಎಕ್ಸೆಲ್ಲಿನಲ್ಲಿ 1904ರಿಂದ ಎಣಿಸುವ ಮತ್ತೊಂದು ಪದ್ಧತಿಯೂ ಉಂಟು. ಕಡತ ಆ ಬಗೆಯದಾದರೆ ತಾರೀಖುಗಳು 1462 ದಿನ, ಅಂದರೆ ನಾಲ್ಕು ವರ್ಷಕ್ಕಿಂತ ಒಂದು ದಿನ ಹೆಚ್ಚಾಗಿ ಜಾರಿಹೋಗುವುದರಿಂದ ಈ ತಪ್ಪು ಬೇಗನೆ ಕಣ್ಣಿಗೆ ಬೀಳುತ್ತದೆ.)

ಕೊನೆಯದು 9ನೆಯ ಸಾಲು. ಜೂನ್ 8, ಇಲ್ಲವೇ ಆಗಸ್ಟ್ 6. ಬರೆದವರಾರೆಂದು ತಿಳಿಯದು, ಮೂವರಲ್ಲಿ ಒಬ್ಬನು ದಿನವನ್ನು, ಒಬ್ಬನು ತಿಂಗಳನ್ನು ಮೊದಲು ಬರೆಯುವವನು. ಅದು ಪಟ್ಟಿಯ ತುದಿಯಲ್ಲಿ ಒಂಟಿಯಾಗಿರುವುದರಿಂದ ಕ್ರಮದ ಸಹಾಯವೂ ಇಲ್ಲ. ದಿನಕ್ಕೆ ಒಂದೇ ಓದು ಎಂಬುದು ಮಳೆ ದಾಖಲೆಯ ನಿಯಮವಾದ್ದರಿಂದ, ಪೂರ್ಣ ಕಡತದಲ್ಲಿ ಜೂನ್ 8ಕ್ಕೆ ಬೇರೊಂದು ಓದು ಸಿಕ್ಕಿದ್ದರೆ ಇದು ಆಗಸ್ಟಿನದೆಂದು ಹೇಳಬಹುದಾಗಿತ್ತು. ಈ ಒಂಬತ್ತು ಸಾಲುಗಳಲ್ಲಿ ಹಾಗೆ ಸಿಕ್ಕಿಲ್ಲ. ಹೆಚ್ಚಿನವರು ದಿನ ಮೊದಲೆಂದು ಬರೆಯುತ್ತಾರೆ, ನಮ್ಮ ದೇಶದ ವಾಡಿಕೆ ಇದು, ಎಂಬ ಮಾತುಗಳು ಈ ಒಂದು ಸಾಲಿನ ಬಗ್ಗೆ ಏನನ್ನೂ ತಿಳಿಸುವುದಿಲ್ಲ. ಆದುದರಿಂದ ನಿರ್ಣಯದ ಅಂಕಣವನ್ನು ಖಾಲಿ ಬಿಟ್ಟು, ಆಧಾರದ ಅಂಕಣದಲ್ಲಿ 'ಸಂದಿಗ್ಧ: 2024-06-08 ಅಥವಾ 2024-08-06' ಎಂದು ಎರಡನ್ನೂ ಬರೆಯುತ್ತೇವೆ.

ಸಿದ್ಧಪಡಿಸಿದ ತಂತ್ರಾಂಶಗಳನ್ನು ನೆಚ್ಚಿದವರು ಈ ಸಾಲನ್ನು ಖಾಲಿಯಾಗಿ ಕಾಣಲಾರರು. ಪೈಥಾನಿನಲ್ಲಿ ಪ್ರಸಿದ್ಧವಾದ ಪಾಂಡಾಸ್ ಎಂಬ ಸಾಧನದ ಹಳೆಯ ಆವೃತ್ತಿಗಳು, ರೂಪವನ್ನು ಹೇಳದೆ ಬಿಟ್ಟರೆ, ಸಾಲು ಸಾಲಿಗೂ ಬೇರೆಯಾಗಿ ಊಹಿಸುತ್ತಿದ್ದುವು: 05/06ನ್ನು ಮೇ 6 ಎಂದೂ, ಅದರ ಕೆಳಗಿನ 13/06ನ್ನು ಜೂನ್ 13 ಎಂದೂ. ಅಕ್ಷರವಾಗಿ ಉಳಿಯುವ ಸಾಲೇ ಇಲ್ಲದ್ದರಿಂದ ಮೇಲೆ ಹೇಳಿದ ISNUMBER ಪರೀಕ್ಷೆಗೂ ಅದು ಸಿಕ್ಕುತ್ತಿರಲಿಲ್ಲ. 2023ರಲ್ಲಿ ಬಂದ 2.0 ಆವೃತ್ತಿಯು ಮೊದಲ ಸಾಲಿನಿಂದ ರೂಪವನ್ನು ಊಹಿಸಿ ಎಲ್ಲಕ್ಕೂ ಅದನ್ನೇ ಹಚ್ಚುತ್ತದೆ. ಹೊಂದದ ಸಾಲು ಬಂದರೆ ತಪ್ಪೆಂದು ನಿಲ್ಲುತ್ತದೆ. ಇದು ಮೊದಲಿಗಿಂತ ಲೇಸು. ಆದರೆ ಮೊದಲ ಸಾಲೇ ಸಂದಿಗ್ಧವಾಗಿದ್ದು, ಮುಂದಿನವೂ 12ನ್ನು ಮೀರದಿದ್ದರೆ ಈಗಲೂ ಅದು ತಿಂಗಳು ಮೊದಲೆಂದೇ ಭಾವಿಸಿ ಮುಂದುವರಿಯುತ್ತದೆ.

ಹಿಂದಿರುಗಿಸುವ ಕಡತದೊಡನೆ ಒಂದು ಪ್ರಶ್ನೆಯನ್ನೂ ಕಳುಹಿಸಬೇಕು. 'ನಿಮ್ಮ ತಾರೀಖುಗಳು ಯಾವ ರೂಪದಲ್ಲಿವೆ?' ಎಂದು ಕೇಳಿದರೆ 'ಮಾಮೂಲಿನಂತೆ' ಎಂಬ ಉತ್ತರ ಬಂದೀತು. ಹಾಗೆ ಕೇಳದೆ, 'ಒಂಬತ್ತನೆಯ ಸಾಲಿನ 22.0 ಮಿಲಿಮೀಟರು ಮಳೆಯನ್ನು ಓದಿದ್ದು ಜೂನ್ ಎಂಟರಂದೋ ಆಗಸ್ಟ್ ಆರರಂದೋ? ಕಾಗದದ ಮೂಲ ಪುಸ್ತಕದಲ್ಲಿ ಏನಿದೆ?' ಎಂದು ಕೇಳಬೇಕು. ತಿಂಗಳನ್ನು ಇಲ್ಲಿ ಹೆಸರಿನಿಂದಲೇ ಹೇಳಬೇಕೆಂಬುದನ್ನು ವಾಚಕರು ಗಮನಿಸಿರಬಹುದು. ಇದರ ಜೊತೆಗೆ 1ನೆಯ ಮತ್ತು 8ನೆಯ ಸಾಲುಗಳು ಒಂದೊಂದೇ ಸಾಕ್ಷಿಯ ಮೇಲೆ ನಿಂತಿವೆ, ಸಾಧ್ಯವಾದರೆ ಅವನ್ನೂ ಪುಸ್ತಕದೊಡನೆ ತಾಳೆನೋಡಿರಿ, ಎಂದೂ ಸೇರಿಸಬಹುದು.

ಉತ್ತರ ಬರುವವರೆಗೆ ಜೂನ್ ತಿಂಗಳ ಮೊತ್ತವನ್ನು ಹೇಳಲು ಆಗದೆ? ಆಗುತ್ತದೆ, ಭೌತವಿಜ್ಞಾನದಲ್ಲಿ ಅಳತೆಯ ಫಲಿತಾಂಶವನ್ನು ಅದರ ಅನಿಶ್ಚಯದೊಡನೆ ಹೇಳುವಂತೆಯೇ ಇದನ್ನೂ ಹೇಳಬೇಕು. 1, 2, 4, 5, 7ನೆಯ ಸಾಲುಗಳನ್ನು ಕೂಡಿಸಿದರೆ 73.7 ಮಿಲಿಮೀಟರು. ಒಂಬತ್ತನೆಯ ಸಾಲು ಜೂನ್ ತಿಂಗಳಿನದಾದರೆ 95.7. ಇವುಗಳ ಸರಾಸರಿಯನ್ನು ತೆಗೆಯುವುದು ಅರ್ಥಹೀನ; ಮಳೆ ಅರ್ಧ ಜೂನ್‌ನಲ್ಲಿ ಅರ್ಧ ಆಗಸ್ಟಿನಲ್ಲಿ ಬಿದ್ದಿರಲಾರದು. ಜೂನ್ ತಿಂಗಳ ಮಳೆ 73.7 ಅಥವಾ 95.7, ಜುಲೈ ತಿಂಗಳದು 26.0, ಆಗಸ್ಟ್ ತಿಂಗಳದು ಸೊನ್ನೆ ಅಥವಾ 22.0. ಒಟ್ಟು ಮಳೆ ಮಾತ್ರ ಹೇಗೆ ಓದಿದರೂ 121.7. ಪುಸ್ತಕದಿಂದ ಉತ್ತರ ಬಂದ ದಿನ ಖಾಲಿ ಕೋಶವನ್ನು ತುಂಬಿ, ಆಧಾರದ ಅಂಕಣದಲ್ಲಿ 'ಮೂಲ ಪುಸ್ತಕದಿಂದ' ಎಂದು ಬರೆದು, ಉತ್ತರ ಬಂದ ತಾರೀಖನ್ನೂ ವರ್ಷ ಮೊದಲಾಗಿ ನಮೂದಿಸತಕ್ಕದ್ದು.